ಅರಿಶಿನಕ್ಕೆ ಮೆಣಸಿನ ಬೆಂಗಾವಲು

ಅರಿಶಿನಕ್ಕೆ ಹಳದಿ ಬಣ್ಣವನ್ನೀಯುವ ಕರ್ಕ್ಯುಮಿನ್ ಹೊಟ್ಟೆಯನ್ನು ಸೇರುವುದೇನೋ ಸುಲಭ. ರಕ್ತವನ್ನು ಸೇರುವುದು ಕಷ್ಟ. ನೀರಿನಲ್ಲಿ ಅದು ಕರಗಲೊಲ್ಲದು. ಕರುಳಿನ ಗೋಡೆಯನ್ನು ಹೊಕ್ಕ ಅಲ್ಪಸ್ವಲ್ಪಕ್ಕೂ ಅಲ್ಲಿಯ ಕಿಣ್ವಗಳು, ಮುಂದೆ ಯಕೃತ್ತಿನ ಕಿಣ್ವಗಳು, ಗ್ಲುಕುರಾನಿಕ್ ಆಮ್ಲವನ್ನು ಅಂಟಿಸಿ ಅದನ್ನು ದೇಹದಿಂದ ಹೊರದೂಡಲು ಅಣಿಮಾಡುತ್ತವೆ.

1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು ಈ ಕುರಿತು ನಡೆಸಿದ ಪ್ರಯೋಗವೊಂದನ್ನು ಪ್ರಕಟಿಸಿದರು. ಆರೋಗ್ಯವಂತರಿಗೆ 2 ಗ್ರಾಂ ಕರ್ಕ್ಯುಮಿನ್ನನ್ನಷ್ಟೇ ಕೊಟ್ಟಾಗ, ರಕ್ತದಲ್ಲಿ ಅದರ ಸುಳಿವು ಇಲ್ಲವೆನ್ನುವಷ್ಟು ಕಡಿಮೆ. ಜೊತೆಗೆ ಕರಿಮೆಣಸಿನ ಖಾರಕ್ಕೆ ಕಾರಣವಾದ ಪೈಪರೀನ್ 20 ಮಿಲಿಗ್ರಾಂ ಸೇರಿಸಿದಾಗ, ರಕ್ತಕ್ಕೆ ದೊರೆತ ಪ್ರಮಾಣ ಸುಮಾರು 20 ಪಟ್ಟು ಏರಿತು! ಪೈಪರೀನ್ ಆ ಕಿಣ್ವಗಳ ಕೈಯನ್ನು ಸ್ವಲ್ಪ ಹೊತ್ತು ಕಟ್ಟಿಹಾಕುತ್ತದೆ, ಅಷ್ಟೆ. ಏರಿಕೆ ಎದ್ದು ಕಂಡದ್ದು ಮೊದಲ ಒಂದು ಗಂಟೆಯಲ್ಲಿ ಮಾತ್ರ.

ಇದನ್ನು ಅಡುಗೆಮನೆಯ ಲೆಕ್ಕಕ್ಕೆ ತರೋಣ. ಅಷ್ಟು ಪೈಪರೀನ್ ಹತ್ತರ ಆಸುಪಾಸು ಮೆಣಸಿನಕಾಳುಗಳಲ್ಲಿ ಸಿಕ್ಕೀತು. ಆದರೆ 2 ಗ್ರಾಂ ಕರ್ಕ್ಯುಮಿನ್ನಿಗೆ ಸುಮಾರು 60 ಗ್ರಾಂ ಅರಿಶಿನದ ಪುಡಿ ಬೇಕು. ಯಾವ ಗೃಹಿಣಿ ಅಷ್ಟನ್ನು ಸಾರಿಗೆ ಸುರಿದಾಳು?

ಗುಳಿಗೆಗಳ ಮಾತು ಬೇರೆ. ಔಷಧಗಳನ್ನು ಒಡೆಯುವ ಕಿಣ್ವಗಳಿಗೂ ಪೈಪರೀನ್ ಅಡ್ಡಬರುತ್ತದೆ. ಮೂರ್ಛೆರೋಗಕ್ಕೆ ಕೊಡುವ ಫೆನಿಟಾಯಿನ್ ಅದರಿಂದಾಗಿ ರಕ್ತದಲ್ಲಿ ಹೆಚ್ಚುವುದುಂಟು. ಆ ಔಷಧವನ್ನು ಸೇವಿಸುವವರು ಕರ್ಕ್ಯುಮಿನ್–ಪೈಪರೀನ್ ಗುಳಿಗೆಗಳನ್ನು ವೈದ್ಯರಿಗೆ ತಿಳಿಸದೆ ತೆಗೆದುಕೊಳ್ಳಬಾರದು.