ಮೊದಲು ಶೇಂಗಾ, ಆಮೇಲೆ ಕ್ರಿಯಾಟಿನ್

"ತಾತಾ, ಕ್ರಿಯಾಟಿನ್ ಡಬ್ಬಿ ತಗೋಬೇಕು, ಸ್ವಲ್ಪ ರೊಕ್ಕ ಕಳಿಸ್ತೀಯಾ?"

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯ ಹಾಸ್ಟೆಲುಗಳಿಂದ ಇಂಥ ಫೋನು ಬಂದರೆ ಮನೆಯ ಹಿರಿಯರು ಗಾಬರಿಯಾಗುವುದು ಸಹಜ. ಅದೇನು ಔಷಧವೋ, ಚಟವೋ ಎಂಬ ಅನುಮಾನ. ಹುಡುಗನಿಗೋ ಡಬ್ಬಿ ಬಂದ ಮರುದಿನವೇ ತೋಳು ದಪ್ಪವಾಗುತ್ತದೆ ಎಂಬ ಆಸೆ. ಇಬ್ಬರ ಎಣಿಕೆಯೂ ತಪ್ಪು. ಕ್ರಿಯಾಟಿನ್ ಎಂದರೇನು, ಅದಕ್ಕೆ ಯಾವಾಗ ರೊಕ್ಕ ಹಾಕಬಹುದು ಎಂಬುದನ್ನು ಒಂದು ಲೆಕ್ಕದ ಮೂಲಕ ನೋಡೋಣ.

ಕ್ರಿಯಾಟಿನ್ ನಮ್ಮ ಮೈಯಲ್ಲೇ ಇದೆ. ಮೂತ್ರಪಿಂಡ ಮತ್ತು ಯಕೃತ್ತು ಸೇರಿ ಅದನ್ನು ದಿನಕ್ಕೆ ಸುಮಾರು ಒಂದು ಗ್ರಾಂ ತಯಾರಿಸುತ್ತವೆ. ಮಾಂಸ, ಮೀನು ತಿನ್ನುವವರಿಗೆ ಊಟದಿಂದಲೂ ಸ್ವಲ್ಪ ಸಿಗುತ್ತದೆ. ರೊಟ್ಟಿ, ಅನ್ನ, ಕಾಳುಗಳಲ್ಲಿ ಅದು ಇಲ್ಲವೆಂದೇ ಹೇಳಬೇಕು. 1832ರಲ್ಲಿ ಫ್ರಾನ್ಸಿನ ಷೆವ್ರೆಲ್ ಎಂಬ ವಿಜ್ಞಾನಿ ಇದನ್ನು ಮಾಂಸದ ಸಾರಿನಲ್ಲಿ ಮೊದಲು ಕಂಡ. ಗ್ರೀಕ್ ಭಾಷೆಯಲ್ಲಿ ಮಾಂಸ ಎಂಬ ಅರ್ಥದ ಪದದಿಂದಲೇ ಅದಕ್ಕೆ ಈ ಹೆಸರು ಬಂತು. ಅಜ್ಜಂದಿರಿಗೆ ಇನ್ನೊಂದು ಸಂಗತಿ: ಆ ವಿಜ್ಞಾನಿ 102 ವರ್ಷ ಬದುಕಿದ.

ಅದರ ಕೆಲಸವೇನು? ಮಕ್ಕಳೇ, ಜಾತ್ರೆಗೆ ಹೋದಾಗ ಅಜ್ಜಿಯನ್ನು ಗಮನಿಸಿ. ಅವಳ ಕೈಯಲ್ಲಿ ನಾಲ್ಕು ಕಾಸು ಇರುತ್ತದೆ. ಅದು ಮುಗಿದರೆ ಸೊಂಟದ ಚೀಲದಿಂದ ತೆಗೆಯುತ್ತಾಳೆ. ಮನೆಯ ಪೆಟ್ಟಿಗೆಯಲ್ಲಿ ಇನ್ನೂ ಹೆಚ್ಚು ಇರುತ್ತದೆ, ಆದರೆ ಅಲ್ಲಿಗೆ ಹೋಗಿ ತರಲು ಹೊತ್ತು ಬೇಕು. ಸ್ನಾಯುವಿನ ವ್ಯವಹಾರವೂ ಹೀಗೆಯೇ. ಭಾರ ಎತ್ತುವಾಗ ಮೊದಲು ಖರ್ಚಾಗುವ ಕೈಕಾಸಿಗೆ ಎಟಿಪಿ ಎಂದು ಹೆಸರು. ಕೆಲವೇ ಸೆಕೆಂಡಿನಲ್ಲಿ ಅದು ತೀರುತ್ತ ಬರುತ್ತದೆ. ಕೂಡಲೇ ಅದನ್ನು ತುಂಬಿಕೊಡುವ ಸೊಂಟದ ಚೀಲವೇ ಕ್ರಿಯಾಟಿನ್. ಪೆಟ್ಟಿಗೆಯ ಹಣವೆಂದರೆ ನಾವು ಉಂಡ ಅನ್ನ, ರೊಟ್ಟಿ, ಎಣ್ಣೆ. ಚೀಲ ತುಂಬಿದ್ದರೆ ಎಂಟು ಸಲ ಎತ್ತುವವನು ಒಂಬತ್ತು ಸಲ ಎತ್ತಬಹುದು. ಆ ಒಂದು ಹೆಚ್ಚಿನ ಸಲವೇ ತಿಂಗಳುಗಟ್ಟಲೆ ಕೂಡಿ ಸ್ನಾಯುವಾಗುತ್ತದೆ. ಆದರೆ ಸ್ನಾಯು ಕಟ್ಟುವ ಇಟ್ಟಿಗೆ ಕ್ರಿಯಾಟಿನ್ ಅಲ್ಲ. ಇಟ್ಟಿಗೆ ಬರುವುದು ಊಟದಿಂದ.

ಈಗ ಲೆಕ್ಕ. ಕೂಡ್ಲಿಗಿ ಕಡೆಯ ಹಳ್ಳಿಯ ಹುಡುಗನೊಬ್ಬ ಹಗರಿಬೊಮ್ಮನಹಳ್ಳಿಯ ಹಾಸ್ಟೆಲಿನಲ್ಲಿ ಡಿಗ್ರಿ ಓದುತ್ತಿದ್ದಾನೆ ಎಂದುಕೊಳ್ಳೋಣ. ವಯಸ್ಸು 19, ತೂಕ 50 ಕೆ.ಜಿ. ವಾರಕ್ಕೆ ಮೂರು ದಿನ ಭಾರ ಎತ್ತುತ್ತಾನೆ. ಸ್ನಾಯು ಬೆಳೆಸುವವರಿಗೆ ಮೈತೂಕದ ಪ್ರತಿ ಕಿಲೋಗೆ ಸುಮಾರು 1.6 ಗ್ರಾಂ ಪ್ರೋಟೀನ್ ಸಾಕು. ಇವನಿಗೆ ಅದು ದಿನಕ್ಕೆ 80 ಗ್ರಾಂ. ಬೆಳಿಗ್ಗೆ ಉಪ್ಪಿಟ್ಟು, ಮಧ್ಯಾಹ್ನ ಅನ್ನ ಸಾರು, ರಾತ್ರಿ ರೊಟ್ಟಿ ಪಲ್ಯ, ಇಷ್ಟರಲ್ಲಿ 45 ಗ್ರಾಂ ಸಿಗಬಹುದು. ಇನ್ನೂ 35 ಗ್ರಾಂ ಕೊರತೆ.

ಆ ಕೊರತೆಗೆ ಮದ್ದು ನಮ್ಮ ಹೊಲದಲ್ಲೇ ಇದೆ. ಒಂದು ದೊಡ್ಡ ಹಿಡಿ, ಅಂದರೆ 50 ಗ್ರಾಂ ಶೇಂಗಾದಲ್ಲಿ 12 ಗ್ರಾಂ ಪ್ರೋಟೀನ್ ಇದೆ. ಎರಡು ಬೇಯಿಸಿದ ಮೊಟ್ಟೆಯಲ್ಲಿ ಇನ್ನೊಂದು 12. ಒಂದು ಲೋಟ ಹಾಲಿನಲ್ಲಿ 6. ಒಟ್ಟು 30 ಗ್ರಾಂ ಆಯಿತು. ಜೊತೆಗೆ 500 ಕ್ಯಾಲೊರಿಗಿಂತ ಹೆಚ್ಚು ಶಕ್ತಿಯೂ ಬಂತು. ಸಣಕಲು ಮೈಗೆ ಅದೇ ಮುಖ್ಯ. ಬೇಕಾದಷ್ಟು ಉಣ್ಣದವನ ಮೈ ತಿಂದ ಪ್ರೋಟೀನನ್ನೂ ಒಲೆಗೆ ಸೌದೆಯಂತೆ ಉರಿಸಿಬಿಡುತ್ತದೆ. ಮೊಟ್ಟೆ ತಿನ್ನದ ಮನೆಯವರು ಪುಟಾಣಿ, ನೆನೆಸಿದ ಹೆಸರುಕಾಳು ಸೇರಿಸಿಕೊಳ್ಳಬಹುದು. ಅಜ್ಜಿ ಊರಿನಿಂದ ಹುರಿದ ಶೇಂಗಾ, ಶೇಂಗಾ ಚಟ್ನಿಪುಡಿ ಕಟ್ಟಿ ಕಳಿಸಿದರೆ ಅರ್ಧ ಖರ್ಚು ಅಲ್ಲೇ ಉಳಿಯಿತು. ತೂಕ ಹೆಚ್ಚಿಸುವ ಪುಡಿ ಎಂದು ಮಾರುವ ದೊಡ್ಡ ಡಬ್ಬಿಗಳಲ್ಲಿ ಬಹುಪಾಲು ಸಕ್ಕರೆ, ಪಿಷ್ಟವೇ ಇರುತ್ತದೆ. ಅದನ್ನು ಕೊಳ್ಳುವ ಬದಲು ಇನ್ನೊಂದು ರೊಟ್ಟಿ ತಿನ್ನುವುದು ಲೇಸು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರಡಿಸಿದ ಆಹಾರ ಸೂತ್ರಗಳೂ ಮೈ ಬೆಳೆಸಲು ಪ್ರೋಟೀನ್ ಪುಡಿ ಬೇಡ ಎಂದೇ ಹೇಳುತ್ತವೆ.

ಇಷ್ಟು ಊಟ ಒಂದು ತಿಂಗಳು ತಪ್ಪದೆ ನಡೆದ ಮೇಲೂ ಕೈಯಲ್ಲಿ ಸ್ವಲ್ಪ ಹಣ ಉಳಿದರೆ ಆಗ ಕ್ರಿಯಾಟಿನ್ ಮಾತು. ಬೇಕಾದ್ದು ಸಾದಾ ಕ್ರಿಯಾಟಿನ್ ಮೊನೊಹೈಡ್ರೇಟ್ ಮಾತ್ರ, ಬೇರೇನೂ ಬೆರೆಸದ್ದು. ದಿನಕ್ಕೆ 3 ಗ್ರಾಂ ಸಾಕು. ಅದು ಸುಮಾರು ಒಂದು ಟೀ ಚಮಚೆಗಿಂತ ಸ್ವಲ್ಪ ಕಡಿಮೆ. ಹಾಲಿಗೋ ನೀರಿಗೋ ಹಾಕಿ ಕಲಸಿ ಆಗಲೇ ಕುಡಿಯಬೇಕು. ಬೆಳಿಗ್ಗೆಯೋ ರಾತ್ರಿಯೋ ಎಂಬುದು ದೊಡ್ಡ ವಿಷಯವಲ್ಲ. ದಿನವೂ ಕುಡಿಯುವುದು ಮುಖ್ಯ. ಮೊದಲ ವಾರ ದಿನಕ್ಕೆ 20 ಗ್ರಾಂ ಕುಡಿಯಬೇಕು ಎಂದು ಕೆಲವರು ಹೇಳುತ್ತಾರೆ. ಹಾಗೆ ಮಾಡಿದರೆ ಚೀಲ ಬೇಗ ತುಂಬುತ್ತದೆ ನಿಜ. ಆದರೆ ಹೊಟ್ಟೆ ಕೆಡಬಹುದು, ಡಬ್ಬಿಯೂ ಬೇಗ ಖಾಲಿಯಾಗುತ್ತದೆ. 3 ಗ್ರಾಂನಲ್ಲೇ ಹೋದರೂ ನಾಲ್ಕು ವಾರಕ್ಕೆ ಚೀಲ ತುಂಬುತ್ತದೆ. 250 ಗ್ರಾಂ ಡಬ್ಬಿ ಹೀಗೆ 83 ದಿನ ಬರುತ್ತದೆ. ಡಬ್ಬಿಗೆ 600 ರೂಪಾಯಿ ಎಂದಿಟ್ಟುಕೊಂಡರೆ ದಿನಕ್ಕೆ ಏಳು ರೂಪಾಯಿ ಚಿಲ್ಲರೆ. ಆ ಏಳು ರೂಪಾಯಿಗಾಗಿ ಮೊಟ್ಟೆ ಬಿಡಬೇಕಾಗುವುದಾದರೆ ಡಬ್ಬಿಯನ್ನೇ ಬಿಡಿ.

ಕೊಳ್ಳುವಾಗ ಸೀಲು ಒಡೆಯದ ಡಬ್ಬಿಯನ್ನೇ ಕೊಳ್ಳಿ. ಮೇಲೆ ಎಫ್‌ಎಸ್‌ಎಸ್‌ಎಐ ಗುರುತು, 14 ಅಂಕಿಯ ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ತಾರೀಖು ಇರಬೇಕು. ಜಿಮ್ಮಿನಲ್ಲಿ ಯಾರೋ ಕವರಿಗೆ ಸುರಿದು ಕೊಡುವ ಪುಡಿ ಬೇಡವೇ ಬೇಡ. ಅದರಲ್ಲಿ ಏನು ಬೆರೆತಿದೆಯೋ ಬಲ್ಲವರಿಲ್ಲ.

ಫಲ ಸಿಗುತ್ತಿದೆಯೇ ಎಂದು ತಿಳಿಯುವುದು ಹೇಗೆ? ಪ್ರತಿ ಸೋಮವಾರ ಬೆಳಿಗ್ಗೆ, ತಿಂಡಿಗೆ ಮುಂಚೆ ತೂಕ ನೋಡಿ ಬರೆದಿಡಿ. ಎಷ್ಟು ಭಾರ, ಎಷ್ಟು ಸಲ ಎತ್ತಿದೆ ಎಂಬುದನ್ನೂ ಬರೆಯಿರಿ. ಮೊದಲ ಮೂರ್ನಾಲ್ಕು ವಾರದಲ್ಲಿ ಒಂದು ಕಿಲೋ ಏರಿದರೆ ಹಿಗ್ಗಬೇಡಿ, ಅದರಲ್ಲಿ ಹೆಚ್ಚಿನದು ಸ್ನಾಯುವಿನೊಳಗೆ ಸೇರಿದ ನೀರು. ಆಮೇಲೆ ವಾರಕ್ಕೆ ಕಾಲು ಕಿಲೋದಂತೆ ಏರುತ್ತ, ಎತ್ತುವ ಭಾರವೂ ಹೆಚ್ಚುತ್ತಿದ್ದರೆ ಊಟ ಮೈಗೆ ಹತ್ತುತ್ತಿದೆ. ಮುಳ್ಳು ನಿಂತಲ್ಲೇ ನಿಂತರೆ ಪುಡಿ ಹೆಚ್ಚಿಸುವುದಲ್ಲ, ಊಟ ಹೆಚ್ಚಿಸಬೇಕು. ಕೆಲವರ ಸ್ನಾಯುವಿನಲ್ಲಿ ಮೊದಲೇ ಸಾಕಷ್ಟು ಕ್ರಿಯಾಟಿನ್ ಇರುತ್ತದೆ, ಅಂಥವರಿಗೆ ಹೆಚ್ಚಿನ ವ್ಯತ್ಯಾಸ ಕಾಣದು. ಮಾಂಸ ತಿನ್ನದವರಿಗೆ ಸಾಮಾನ್ಯವಾಗಿ ಹೆಚ್ಚು ಫಲ.

ಹಿರಿಯರು ಕೇಳುವ ಪ್ರಶ್ನೆ ಒಂದೇ: ಕಿಡ್ನಿಗೆ ಏನಾದರೂ ಆದೀತೇ? ಆರೋಗ್ಯವಂತ ವಯಸ್ಕರು ಈ ಪ್ರಮಾಣದಲ್ಲಿ ಕುಡಿದರೆ ಕಿಡ್ನಿಗೆ ಹಾನಿಯಾದದ್ದು ಅಧ್ಯಯನಗಳಲ್ಲಿ ಕಂಡಿಲ್ಲ. ಆದರೆ ಕ್ರಿಯಾಟಿನ್ ಸವೆದು ಕ್ರಿಯಾಟಿನಿನ್ ಆಗುತ್ತದೆ. ರಕ್ತಪರೀಕ್ಷೆಯಲ್ಲಿ ಕಿಡ್ನಿಯ ಸ್ಥಿತಿ ತಿಳಿಯಲು ನೋಡುವುದು ಇದನ್ನೇ. ಆ ಅಂಕಿ ತುಸು ಏರಿ ಡಾಕ್ಟರಿಗೆ ಅನುಮಾನ ಬರಬಹುದು, ಆದ್ದರಿಂದ ಪುಡಿ ಕುಡಿಯುವ ವಿಷಯವನ್ನು ಅವರಿಗೆ ಮುಂಚೆಯೇ ಹೇಳಿ. ಕಿಡ್ನಿ ತೊಂದರೆ ಇರುವವರು ಇದರ ಹತ್ತಿರ ಹೋಗಬಾರದು. ಬಿಪಿ, ಸಕ್ಕರೆ ಕಾಯಿಲೆ ಇರುವವರು ಡಾಕ್ಟರನ್ನು ಕೇಳದೆ ಮುಟ್ಟಬಾರದು.

ಹದಿನೆಂಟು ತುಂಬದ ಮಕ್ಕಳೇ, ಈ ಡಬ್ಬಿ ನಿಮಗಲ್ಲ. ಬೆಳೆಯುವ ಮೈಯ ಮೇಲೆ ಇದರ ಪರಿಣಾಮದ ಅಧ್ಯಯನ ಇನ್ನೂ ಸಾಲದು. ನಿಮ್ಮ ಪಾಲಿನದು ಅಜ್ಜಿ ಕಟ್ಟಿಕೊಟ್ಟ ಶೇಂಗಾ ಗಂಟು. ಇನ್ನು ತಾತಂದಿರೇ, ಡಿಗ್ರಿ ಓದುವ ಮೊಮ್ಮಗನ ಫೋನು ಬಂದರೆ ಬೈಯಬೇಡಿ. "ಈ ತಿಂಗಳು ದಿನಾ ಶೇಂಗಾ ತಿಂದೇನಪ್ಪಾ? ಹಾಲು ಕುಡಿದೇ? ತೂಕ ಬರೆದ ಚೀಟಿ ಓದು, ಕೇಳೋಣ" ಎನ್ನಿ. ಚೀಟಿ ಓದಿದರೆ ರೊಕ್ಕ ಕಳಿಸುವ ಯೋಚನೆ ಮಾಡಿ. ತಡವರಿಸಿದರೆ ಇನ್ನೊಂದು ಸೇರು ಶೇಂಗಾ ಕಳಿಸಿ.