ಹೆಚ್ಚುವರಿ 9 ವ್ಯಾಟ್

12 ವೋಲ್ಟ್ ಬ್ಯಾಟರಿಗೆ ಸರಣಿಯಲ್ಲಿ 2 ಓಮ್‌ ರೋಧಕ, ಅದರಾಚೆ ಸಮಾಂತರವಾಗಿ 3 ಮತ್ತು 6 ಓಮ್‌. ಒಟ್ಟು ಪ್ರವಾಹ 3 ಆಂಪಿಯರ್. ಅದರಲ್ಲಿ 3 ಓಮ್‌ಗೆ 1, 6 ಓಮ್‌ಗೆ 2 ಎಂದಿತ್ತು ಪಠ್ಯಪುಸ್ತಕ. ಕೂಡಿದರೆ ಮೂರೇ, ತಪ್ಪು ಕಾಣುವುದಿಲ್ಲ.

ಪಿಯುಸಿ ಹುಡುಗಿ ಅಷ್ಟಕ್ಕೇ ಬಿಡಲಿಲ್ಲ. ಬ್ಯಾಟರಿ ಕೊಡುವುದು 12×3, ಅಂದರೆ 36 ವ್ಯಾಟ್. ಪ್ರವಾಹದ ವರ್ಗವನ್ನು ರೋಧದಿಂದ ಗುಣಿಸಿದಾಗ ರೋಧಕಗಳ ಖರ್ಚು 18, 3, 24, ಒಟ್ಟು 45!

“ಸರ್, ಈ 9 ವ್ಯಾಟ್ ಎಲ್ಲಿಂದ ಬಂತು?”

ಮೇಷ್ಟ್ರು ಪುಸ್ತಕ ತಿರುವಿ ನೋಡಿದರು. “ಶಾಖೆಗಳ ಉತ್ತರ ಅದಲುಬದಲಾಗಿದೆಯಮ್ಮ.”

ಬದಲಿಸಿದಾಗ 18, 12, 6, ಸರಿಯಾಗಿ 36. ತಪ್ಪು ಇದೆಯೆಂದಷ್ಟೇ ಈ ತಾಳೆ ಹೇಳುತ್ತದೆ. ಎಲ್ಲಿದೆಯೆಂದು ತಿಳಿಯಲು ಸಮಾಂತರ ಶಾಖೆಗಳ ವೋಲ್ಟೇಜ್ ಹೋಲಿಸಿ. ಅವೆರಡೂ ಸಮವಾಗಿರಲೇಬೇಕು.