ಅಲಿಬಾಗ್‌ನಲ್ಲಿ ಇಳಿತ ಇತ್ತು, ಆದ್ರೂ ನೀರು ಇಳಿದಿರಲಿಲ್ಲ

ಪುಣೆಯಲ್ಲಿರೋ ನಮ್ಮವರಿಗೆ ಶನಿವಾರ ಬಂತು ಅಂದ್ರೆ ಕೊಂಕಣದ ಕಡೆ ಮನಸ್ಸು ಎಳೆಯುತ್ತೆ. ನಾವೂ ಒಂದ್ಸಲ ಅಲಿಬಾಗ್‌ಗೆ ಹೋಗಿದ್ವಿ, ಸಮುದ್ರದೊಳಗಿರುವ ಕೊಲಾಬಾ ಕೋಟೆ ನೋಡೋಕೆ. ನೀರು ಇಳಿದಾಗ ಅಲ್ಲಿಗೆ ನಡೆದೇ ಹೋಗಬಹುದು. ಮೊಬೈಲಲ್ಲಿ ಇಳಿತದ ಸಮಯ ನೋಡಿಕೊಂಡೇ ಹೊರಟಿದ್ದೆ. ಮಧ್ಯಾಹ್ನ ಹನ್ನೆರಡರ ಆಸುಪಾಸು ಅಂತಿತ್ತು. ಸರಿಯಾಗಿ ಆ ಹೊತ್ತಿಗೆ ನೀರಿಗಿಳಿದರೆ, ಸ್ವಲ್ಪ ದೂರದಲ್ಲೇ ಸೊಂಟದವರೆಗೆ ಬಂತು! ವಾಪಸ್ ಬಂದ್ವಿ. ನಾನು ಸಮಯ ನೋಡಿದ್ದೆ, ತಿಥಿ ನೋಡಿರಲಿಲ್ಲ. ಅವತ್ತು ಅಷ್ಟಮಿ.

ಚಂದ್ರ ನೀರನ್ನು ನೆಟ್ಟಗೆ ಮೇಲಕ್ಕೆತ್ತುತ್ತಾನೆ ಅಂತ ನಾವೆಲ್ಲ ಅಂದ್ಕೊಂಡಿರ್ತೀವಿ. ಭೂಮಿಯ ಗುರುತ್ವದ ಮುಂದೆ ಅವನಿಗೆ ಅಷ್ಟು ಬಲ ಇಲ್ಲ. ಚಂದ್ರನ ಕಡೆಗಿರುವ ನೀರಿಗೆ ಸೆಳೆತ ಸ್ವಲ್ಪ ಜಾಸ್ತಿ, ಆಚೆ ಬದಿಯ ನೀರಿಗೆ ಸ್ವಲ್ಪ ಕಡಿಮೆ. ಈ ವ್ಯತ್ಯಾಸ ನೀರನ್ನು ಅಕ್ಕಪಕ್ಕದಿಂದ ಜರುಗಿಸಿ ಎರಡೂ ಬದಿಯಲ್ಲಿ ಗುಡ್ಡೆ ಹಾಕುತ್ತೆ. ಅದಕ್ಕೇ ದಿನಕ್ಕೆ ಎರಡು ಉಬ್ಬರ. ಸೂರ್ಯನೂ ಇದನ್ನೇ ಮಾಡ್ತಾನೆ. ಅವನ ಒಟ್ಟು ಸೆಳೆತ ಚಂದ್ರನಿಗಿಂತ ಎಷ್ಟೋ ಪಟ್ಟು ಹೆಚ್ಚು. ಆದರೆ ಅಷ್ಟು ದೂರದಿಂದ ನೋಡಿದರೆ ಭೂಮಿಯ ಈ ಬದಿ, ಆ ಬದಿ ಎರಡೂ ಹೆಚ್ಚುಕಡಿಮೆ ಒಂದೇ. ಹಾಗಾಗಿ ಉಬ್ಬರ ಎಬ್ಬಿಸೋದರಲ್ಲಿ ಅವನ ಪಾಲು ಚಂದ್ರನದರ ಅರ್ಧಕ್ಕಿಂತ ತುಸು ಕಡಿಮೆ, ಸುಮಾರು 0.46.

ಈಗ ಕೂಡೋಣ. ಅಮಾವಾಸ್ಯೆ, ಹುಣ್ಣಿಮೆಗಳಲ್ಲಿ ಮೂವರೂ ಒಂದೇ ಸಾಲು: 1 + 0.46 = 1.46. ಅಷ್ಟಮಿಯಲ್ಲಿ ಸೂರ್ಯ ಅಡ್ಡ ನಿಂತು, ಚಂದ್ರ ಇಳಿಸಿದ ಕಡೆಯೇ ನೀರು ತುಂಬುತ್ತಾನೆ: 1 − 0.46 = 0.54. ಅಂದ್ರೆ ಸುಮಾರು 2.7 ಪಟ್ಟು ವ್ಯತ್ಯಾಸ. ಪಕ್ಕದ ಮುಂಬಯಿಯಲ್ಲಿ ದೊಡ್ಡ ಉಬ್ಬರವಿಳಿತದ ಸರಾಸರಿ ಅಂತರ ಸುಮಾರು 3.7 ಮೀಟರ್, ಸಣ್ಣದರದ್ದು ಸುಮಾರು 1.4. ಲೆಕ್ಕ ಹತ್ತಿರ ಹತ್ತಿರ ಕೂಡುತ್ತೆ, ನೋಡಿ! ಮರಾಠಿಯವರು ದೊಡ್ಡದಕ್ಕೆ ಉಧಾಣ, ಸಣ್ಣದಕ್ಕೆ ಭಾಂಗ ಅಂತಾರೆ. ಭಾಂಗದ ದಿನ ನೀರು ಹೆಚ್ಚು ಏರಲ್ಲ, ಹೆಚ್ಚು ಇಳಿಯೋದೂ ಇಲ್ಲ. ಉಧಾಣದ ಇಳಿತಕ್ಕಿಂತ ಸುಮಾರು ಒಂದು ಮೀಟರ್ ಮೇಲೇ ನಿಂತುಬಿಡುತ್ತೆ. ನಮ್ಮ ಸೊಂಟಕ್ಕೆ ಬಂದಿದ್ದು ಅದೇ.

ಹಾಗಾದ್ರೆ ಹುಣ್ಣಿಮೆಗೇ ಹೋಗೋಣ ಅಂತೀರಾ? ಹೋಗಿ. ನೀರು ಅತಿ ಕೆಳಗಿಳಿಯೋದು ಹುಣ್ಣಿಮೆ ಕಳೆದು ಒಂದೆರಡು ದಿನಕ್ಕೆ. ಆದರೆ ಈ ಕರಾವಳಿಯಲ್ಲಿ ಆಗ ಇಳಿತ ಬರೋದು ಬೆಳಗ್ಗೆ, ಸಂಜೆ ಆರು-ಏಳರ ಸುಮಾರಿಗೆ. ನೀರು ವಾಪಸ್ ಬರೋದೂ ಜೋರು: ಆರು ಗಂಟೆಯ ಏರಿಕೆಯಲ್ಲಿ ನಡುವಿನ ಎರಡು ಗಂಟೆ, ಗಂಟೆಗೆ ಸುಮಾರು 0.9 ಮೀಟರ್. ಸಂಜೆ ಕೋಟೆಯಲ್ಲಿ ಫೋಟೋ ತೆಗೀತಾ ಕೂತರೆ ಕತ್ತಲೆ, ನೀರು ಎರಡೂ ಒಟ್ಟಿಗೆ ಬರುತ್ತವೆ. ಅದಕ್ಕೆ ಬೆಳಗಿನ ಇಳಿತವೇ ವಾಸಿ. ಕೋಷ್ಟಕದಲ್ಲಿ ಸಮಯದ ಪಕ್ಕದ ಎತ್ತರವನ್ನೂ ಓದಿ, ಇಳಿತಕ್ಕೆ ಒಂದು ಗಂಟೆ ಮುಂಚೆ ಹೊರಡಿ, ನೀರು ತಿರುಗೋ ಹೊತ್ತಿಗೆ ದಂಡೆಯ ಕಡೆ ಮುಖ ಮಾಡಿ. ಭಾನುವಾರಕ್ಕೆ ಮುಂದೂಡಿದರೆ ಸುಮಾರು 50 ನಿಮಿಷ ಸೇರಿಸಿಕೊಳ್ಳಿ.